ಬಾಣಂತನ ಮುಗಿಸಿ ಬಂದ ಗೆಳತಿಯೊಂದಿಗೆ ಮೊದಲಿನ ಆಪ್ತತೆಯನ್ನು ಉಳಿಸಿಕೊಳ್ಳುವುದು ಹೇಗೆ?

ಹೇಮಾವತಿ ದಂಡೆ:
ಎಲ್ಲರಿಗೂ ನಮಸ್ಕಾರ. ನನಗೆ 33 ವರ್ಷ, ಮದುವೆಯಾಗಿಲ್ಲ, ಸದ್ಯಕ್ಕೆ ಆಗುವ ಯೋಚನೆಯೂ ಇಲ್ಲ. ಹಾಸನದಲ್ಲಿ ಪಿಯುಸಿ ಓದುವ ಕಾಲದಿಂದಲೂ ಜೊತೆಗಿರುವ ಗೆಳತಿಯೊಬ್ಬಳು ನನಗಿದ್ದಾಳೆ. ಅವಳು ಕೆಂಗೇರಿಯಲ್ಲಿ, ನಾನು ರಾಜಾಜಿನಗರದಲ್ಲಿ. ಅವಳ ಮದುವೆಯಾದ ಮೇಲೂ ನಮ್ಮ ನಡುವೆ ಏನೂ ಬದಲಾಗಿರಲಿಲ್ಲ. ವಾರಕ್ಕೊಮ್ಮೆಯಾದರೂ ಮೆಜೆಸ್ಟಿಕ್ಕಿನ ಆಸುಪಾಸಿನಲ್ಲಿ ಭೇಟಿಯಾಗಿ, ಊಟ ಮುಗಿಸಿ, ಮಾತು ಮುಗಿಯದೆ ಮತ್ತೆ ಫೋನಿನಲ್ಲಿ ಮುಂದುವರಿಸುತ್ತಿದ್ದೆವು.

ಈಗ ಅವಳ ಮಗಳಿಗೆ ನಾಲ್ಕೂವರೆ ತಿಂಗಳು. ಅರಸೀಕೆರೆಯ ತವರಿನಲ್ಲಿ ಬಾಣಂತನ ಮುಗಿಸಿ ಹೋದ ತಿಂಗಳು ಮರಳಿದ್ದಾಳೆ. ಸಂದೇಶ ಕಳಿಸಿದರೆ ನೋಡುತ್ತಾಳೆ, ಉತ್ತರ ಬರುವುದಿಲ್ಲ. ಫೋನ್ ಮಾಡಿದರೆ ಮಗು ಅಳುತ್ತದೆ, ಮಾತು ಅರ್ಧಕ್ಕೇ ನಿಲ್ಲುತ್ತದೆ. ಕಳೆದ ಭಾನುವಾರ ಬೆಳಿಗ್ಗೆ ಹನ್ನೊಂದು ಗಂಟೆಗೆ ಅವಳ ಮನೆಗೆ ಹೋಗಿದ್ದೆ. ಮಗುವಿಗೆ ಎಣ್ಣೆ ಹಚ್ಚಿ ನೀರೆರೆಯುವ ಗಡಿಬಿಡಿ ನಡೆದಿತ್ತು, ಅವಳ ಅತ್ತೆ ಹಾಲಿನಲ್ಲಿ ಕುಳಿತಿದ್ದರು, ಅಡುಗೆಮನೆಯಲ್ಲಿ ಕುಕ್ಕರ್ ಕೂಗುತ್ತಿತ್ತು. ನಾನು ಕಾಫಿ ಕುಡಿದು, ಬೆಳ್ಳಿ ಬಟ್ಟಲು ಕೊಟ್ಟು, ಮಗುವಿನ ಕೆನ್ನೆ ಮುಟ್ಟಿ ಹೊರಟು ಬಂದೆ. ನಾವಿಬ್ಬರೂ ಹತ್ತು ಮಾತನ್ನೂ ಆಡಲಾಗಲಿಲ್ಲ.

ನಮ್ಮ ತಂದೆಗೆ ಇತ್ತೀಚೆಗೆ ಹೃದಯದ ಶಸ್ತ್ರಚಿಕಿತ್ಸೆಯಾಯಿತು. ಅದನ್ನೂ ನಾನು ಅವಳಿಗೆ ಹೇಳಿಲ್ಲ, ಏಕೆಂದರೆ ಅವಳಿಗೆ ಈಗಿರುವ ಹೊರೆಯೇ ಸಾಕು ಅನ್ನಿಸಿತು. ಮುಂದಿನ ತಿಂಗಳು ಅವಳು ಕೆಲಸಕ್ಕೂ ಮರಳುತ್ತಾಳೆ. ನಾನು ಒಂದೆರಡು ವರ್ಷ ದೂರ ಸರಿದು ನಿಂತು, ಮಗು ದೊಡ್ಡದಾದ ಮೇಲೆ ಮತ್ತೆ ಹತ್ತಿರವಾಗಬೇಕೋ, ಅಥವಾ ಈಗಲೇ ಬೇರೆ ದಾರಿಯಿದೆಯೋ, ತಿಳಿದವರು ಹೇಳಿ.

ಸಹ್ಯಾದ್ರಿ ಹಿರಿಯ:
ತಂಗೀ, ಇದಕ್ಕೆ ಇರುವ ಸರಳ ಉಪಾಯವೆಂದರೆ ನೀನೂ ಒಳ್ಳೆಯ ಸಂಬಂಧ ನೋಡಿ ಮದುವೆಯಾಗುವುದು. ಇಬ್ಬರ ಮನೆಯಲ್ಲೂ ಮಕ್ಕಳಿದ್ದರೆ ಮಾತಿಗೆ ವಿಷಯ ತಾನಾಗಿಯೇ ಒದಗುತ್ತದೆ.

ಕುಂದಾಪುರದ ಕಡಲು:
ಹಿರಿಯರೇ, ಅವರು ಕೇಳಿರುವುದು ಗೆಳೆತನದ ಬಗ್ಗೆ, ಮದುವೆಯ ಬಗ್ಗೆ ಅಲ್ಲ. ಮೇಲಾಗಿ ಇಬ್ಬರಿಗೂ ಮಕ್ಕಳಾದ ಮೇಲೆ ಎರಡು ಮನೆಗಳ ನಿದ್ದೆ, ಜ್ವರ, ಶಾಲೆಯ ವೇಳೆ ಹೊಂದದೆ ವರ್ಷಗಟ್ಟಲೆ ಭೇಟಿಯಾಗದ ಗೆಳತಿಯರನ್ನು ನಾನು ಬೇಕಾದಷ್ಟು ಕಂಡಿದ್ದೇನೆ.

ಲೆಕ್ಕದ ಮೇಷ್ಟ್ರು:
ಗೆಳೆತನಕ್ಕೆ ಗಂಟೆಗಳ ಲೆಕ್ಕವಿದೆ ಎಂದು ಅಮೆರಿಕದ ಕ್ಯಾನ್ಸಸ್ ವಿಶ್ವವಿದ್ಯಾಲಯದ ಜೆಫ್ರಿ ಹಾಲ್ ಅವರು 2018ರಲ್ಲಿ ತೋರಿಸಿದ್ದಾರೆ. ಆಪ್ತ ಗೆಳೆತನಕ್ಕೆ 200 ಗಂಟೆಗಿಂತ ಹೆಚ್ಚು ಕಾಲ ಒಟ್ಟಿಗೆ ಕಳೆದಿರಬೇಕು. ನಿಮ್ಮ ಗೆಳತಿಯ ಬಳಿ ಈಗ ಅಷ್ಟು ಸಮಯವಿಲ್ಲದ ಕಾರಣ ಗೆಳೆತನ ಸಡಿಲವಾಗುವುದು ಸಹಜ. ಅದನ್ನು ಒಪ್ಪಿಕೊಂಡು ಹೊಸ ಗೆಳೆಯರನ್ನು ಹುಡುಕಿಕೊಳ್ಳುವುದು ಜಾಣತನ. ಅವಳಿಗೇನೋ ಆರು ತಿಂಗಳ ರಜೆ ಸಿಕ್ಕಿರುತ್ತದೆ. ಅಷ್ಟರಲ್ಲೂ ಸಮಯ ಮಾಡಿಕೊಳ್ಳಲಿಲ್ಲ ಎಂದರೆ ಅರ್ಥ ಮಾಡಿಕೊಳ್ಳಬೇಕು.

ಅವಳಿ ಮಕ್ಕಳ ತಾಯಿ:
ಮೇಷ್ಟ್ರೇ, ನೀವು ಹೇಳಿದ ಅಧ್ಯಯನ ನಿಜ, ಆದರೆ ಅದು ಹೊಸದಾಗಿ ಪರಿಚಯವಾದವರು ಆಪ್ತರಾಗಲು ಎಷ್ಟು ಕಾಲ ಬೇಕು ಎಂಬುದರ ಬಗ್ಗೆ. ಊರು ಬದಲಿಸಿದವರನ್ನೂ ಕಾಲೇಜಿಗೆ ಹೊಸದಾಗಿ ಸೇರಿದವರನ್ನೂ ಕೇಳಿ ಮಾಡಿದ್ದು. ಪಿಯುಸಿಯಿಂದ ಜೊತೆಗಿರುವ ಇಬ್ಬರು ಆ 200 ಗಂಟೆಗಳನ್ನು ಎಂದೋ ದಾಟಿಯಾಗಿದೆ. ಇದ್ದ ಗೆಳೆತನವನ್ನು ಉಳಿಸಿಕೊಳ್ಳಲು ಎಷ್ಟು ಬೇಕು ಎಂಬುದು ಬೇರೆಯೇ ಪ್ರಶ್ನೆ.

ರಜೆಯ ಮಾತನ್ನೂ ಬಿಡಿಸಿ ಹೇಳಬೇಕು. 2017ರ ತಿದ್ದುಪಡಿಯಂತೆ ಬದುಕಿರುವ ಮಕ್ಕಳು ಇಬ್ಬರಿಗಿಂತ ಕಡಿಮೆ ಇರುವವರಿಗೆ ಸಿಗುವುದು 26 ವಾರಗಳ ರಜೆ, ಅದರಲ್ಲಿ 8 ವಾರಗಳವರೆಗೆ ಹೆರಿಗೆಗೆ ಮೊದಲೇ ತೆಗೆದುಕೊಳ್ಳಬಹುದು. ಕಾಲು ಬಾತು, ನಡೆಯಲಾಗದೆ ನಾನು ಆ ಎಂಟನ್ನೂ ಮೊದಲೇ ತೆಗೆದುಕೊಂಡಿದ್ದೆ. ಹಾಗಾಗಿ ಮಕ್ಕಳಿಗೆ 18 ವಾರ ತುಂಬುವಷ್ಟರಲ್ಲಿ ನಾನು ಕಚೇರಿಯ ಕುರ್ಚಿಯಲ್ಲಿದ್ದೆ. ಅದು ರಜೆ ಎಂಬ ಹೆಸರಿನ ಹಗಲು ರಾತ್ರಿಗಳ ಪಾಳಿ. ಎರಡು ಮೂರು ಗಂಟೆಗೊಮ್ಮೆ ಹಾಲೂಡಿಸುವವಳಿಗೆ ಮನೆಯಲ್ಲಿದ್ದಾಳೆ ಎಂದ ಮಾತ್ರಕ್ಕೆ ಪುರಸೊತ್ತಿರುವುದಿಲ್ಲ.

ಲೆಕ್ಕದ ಮೇಷ್ಟ್ರು:
ಅಧ್ಯಯನದ ವಿಷಯದಲ್ಲಿ ನಿಮ್ಮ ಮಾತು ಸರಿಯಿದೆ, ಒಪ್ಪಿದೆ. ಆದರೆ ಸಮಯ ಕೊಡದೆ ಯಾವ ಸಂಬಂಧವೂ ಉಳಿಯುವುದಿಲ್ಲ ಎಂಬ ನನ್ನ ಮೂಲ ಮಾತನ್ನು ನಾನು ಬಿಡುವುದಿಲ್ಲ.

ಮೈಸೂರಿನ ದಾದಿ:
ನನಗೆ 52 ವರ್ಷ, ಮದುವೆಯಾಗಿಲ್ಲ. ಹೆರಿಗೆ ವಾರ್ಡಿನಲ್ಲಿಯೇ ಬಹುಪಾಲು ಕೆಲಸ ಮಾಡಿದವಳು. ನನ್ನ ಜೊತೆ ತರಬೇತಿ ಪಡೆದ ಗೆಳತಿಯರ ಮಕ್ಕಳಲ್ಲಿ ಕೆಲವರಿಗೆ ಈಗ ಮದುವೆಯೂ ಆಗಿದೆ. ಅವರಲ್ಲಿ ಇಬ್ಬರು ಇಂದಿಗೂ ನನಗೆ ಮೊದಲಿನಷ್ಟೇ ಹತ್ತಿರ. ಹಾಗಾಗಿ ಎರಡೂ ಕಡೆಯಿಂದ ನೋಡಿ ಹೇಳುತ್ತೇನೆ.

ಹೇಮಾವತಿ ಅವರೇ, ನೀವು ಹೋದ ಹೊತ್ತು ದಿನದಲ್ಲೇ ಅತ್ಯಂತ ಕಷ್ಟದ ಹೊತ್ತು. ನಮ್ಮ ಕಡೆಯ ಮನೆಗಳಲ್ಲಿ ಹತ್ತರಿಂದ ಹನ್ನೊಂದೂವರೆಯ ನಡುವೆ ಎಣ್ಣೆ ತಿಕ್ಕಿ, ಬಿಸಿನೀರು ಎರೆದು, ಮೈ ಒರೆಸಿ, ಸಾಂಬ್ರಾಣಿ ಹೊಗೆ ಹಿಡಿಯುವ ಕೆಲಸ ನಡೆಯುತ್ತದೆ. (ಹೊಗೆ ಮಗುವಿನ ಉಸಿರಿಗೆ ಒಳ್ಳೆಯದಲ್ಲ ಎಂದು ನಾವು ಹೇಳುತ್ತಲೇ ಇದ್ದೇವೆ, ಅಜ್ಜಿಯರು ಕೇಳುವುದಿಲ್ಲ.) ಅಷ್ಟಾದ ಮೇಲೆ ಮಗು ಹಾಲು ಕುಡಿದು ಮಲಗುತ್ತದೆ, ಮತ್ತು ಹಗಲಿನ ದೀರ್ಘ ನಿದ್ದೆ ಬಹಳಷ್ಟು ಮಕ್ಕಳಲ್ಲಿ ಅದೇ. ನಾಲ್ಕೈದು ತಿಂಗಳ ಮಗು ಎಚ್ಚರವಾಗಿ ಒಂದೂವರೆಯಿಂದ ಎರಡು ಗಂಟೆಯೊಳಗೆ ಮತ್ತೆ ನಿದ್ದೆಗೆ ಜಾರುತ್ತದೆ, ಆದರೆ ಉಳಿದ ನಿದ್ದೆಗಳು ಅರ್ಧ ಮುಕ್ಕಾಲು ಗಂಟೆಗೇ ಮುಗಿದುಬಿಡಬಹುದು. ನೀರೆರೆದ ನಂತರದ ಈ ನಿದ್ದೆ ಮಾತ್ರ ಒಂದೂವರೆ ಎರಡು ಗಂಟೆ ನಡೆಯುತ್ತದೆ.

ಆದ್ದರಿಂದ ಗೆಳತಿಗೆ "ಯಾವಾಗ ಬರಲಿ" ಎಂದು ಕೇಳಬೇಡಿ, "ಮಗುವಿಗೆ ಎಷ್ಟು ಗಂಟೆಗೆ ನೀರು ಹಾಕುತ್ತೀರಿ" ಎಂದು ಕೇಳಿ. ಅದಾಗಿ ಮುಕ್ಕಾಲು ಗಂಟೆ ಬಿಟ್ಟು ಹೋಗಿ, ಮಧ್ಯಾಹ್ನದ ಊಟವನ್ನು ಡಬ್ಬಿಯಲ್ಲಿ ನೀವೇ ಒಯ್ಯಿರಿ. ಬಾಣಂತಿ ಊಟ ಮಾಡುವುದೂ ಆ ಹೊತ್ತಿನಲ್ಲೇ. ಅವಳು ತಟ್ಟೆ ಹಿಡಿದು ಕೂತಾಗ ನೀವು ಎದುರು ಕೂತಿರಿ, ಅಷ್ಟು ಸಾಕು. ಮಗುವನ್ನು ಎತ್ತಿಕೊಳ್ಳಲು ಅವಸರಿಸಬೇಡಿ. ಬಂದವರೆಲ್ಲ ಮಗುವನ್ನು ಎತ್ತಿಕೊಂಡು ಕೂರುತ್ತಾರೆ, ತಾಯಿ ಅವರಿಗೆ ಕಾಫಿ ಮಾಡಲು ಒಳಗೆ ಹೋಗುತ್ತಾಳೆ. ನೀವು ಕಾಫಿ ಮಾಡಿ.

ಅತ್ತೆಯವರ ವಿಷಯದಲ್ಲಿ ಒಂದು ಮಾತು. ಮೊದಲ ಹತ್ತು ನಿಮಿಷ ಅವರ ಜೊತೆಗೇ ಕೂತು ಮಾತಾಡಿ, ಅವರ ಮಂಡಿ ನೋವನ್ನು ಕೇಳಿ. ಆಮೇಲೆ "ಬಾರೇ, ತಾರಸಿ ಮೇಲಿನ ಬಟ್ಟೆ ತೆಗೆದುಕೊಂಡು ಬರೋಣ" ಎಂದು ಗೆಳತಿಯನ್ನು ಕರೆದೊಯ್ಯಿರಿ. ಮಗುವಿರುವ ಮನೆಯ ತಂತಿಯ ಮೇಲೆ ಎತ್ತುವಷ್ಟು ಬಟ್ಟೆ ಇದ್ದೇ ಇರುತ್ತದೆ, ಆ ಕೆಲಸಕ್ಕೆ ಯಾರೂ ಅಡ್ಡ ಬರುವುದಿಲ್ಲ. ನನ್ನ ಗೆಳತಿಯ ಗಂಡ ಕೆಲಸ ಬಿಟ್ಟ ಸುದ್ದಿಯನ್ನು ನಾನು ಕೇಳಿದ್ದು ಹಾಗೆ ಒಣಗಿದ ಲಂಗೋಟಿಗಳನ್ನು ಮಡಚುವಾಗಲೇ.

ಧಾರವಾಡದವ:
ದಾದಿ ಮೇಡಂ, ನಿಮ್ಮ ಮಾತಿಗೆ ಗೌರವ ಕೊಟ್ಟೇ ವಿರೋಧಿಸುತ್ತೇನೆ. ನನಗೆ 41, ಮದುವೆಯಾಗಿಲ್ಲ. ಗೆಳೆಯರ ಮಕ್ಕಳಿಗೆಲ್ಲ ನಾನು ಮಾಮಾ. ಅವರ ಮನೆಗೆ ನಾನೇ ಹೋದೆ, ಅವರ ಹೊತ್ತಿಗೆ ನಾನೇ ಹೊಂದಿಕೊಂಡೆ, ಜಾವಳ, ಹುಟ್ಟುಹಬ್ಬ ಒಂದನ್ನೂ ತಪ್ಪಿಸಲಿಲ್ಲ. ಹೋದ ಮಳೆಗಾಲದಲ್ಲಿ ನನಗೆ ಡೆಂಗ್ಯೂ ಬಂದು ಆಸ್ಪತ್ರೆಯಲ್ಲಿ ಮಲಗಿದ್ದಾಗ ಗುಂಪಿನಲ್ಲಿ ಎಲ್ಲರೂ ಕೈಮುಗಿದ ಚಿತ್ರ ಕಳಿಸಿದರು, ಬಂದು ನಿಂತವನು ನನ್ನ ಅಂಗಡಿಯ ಹುಡುಗ. ಮಕ್ಕಳಿದ್ದವರ ಸಮಯಕ್ಕೆ ಬೆಲೆಯಿದೆ, ನಮ್ಮ ಸಮಯ ಬಿಟ್ಟಿ ಎಂಬ ಲೆಕ್ಕವನ್ನು ನಾವೇ ಒಪ್ಪಿಕೊಂಡರೆ ಕೊನೆಗೆ ಉಳಿಯುವುದು ಗೆಳೆತನವಲ್ಲ, ಸೇವೆ.

ದಾವಣಗೆರೆಯ ಅಪ್ಪ:
ಅಣ್ಣಾ, ನಿಮ್ಮ ನೋವು ನ್ಯಾಯವಾದದ್ದು. ಆದರೆ ಗಂಡಸರ ಕಡೆಯಿಂದ ಇನ್ನೊಂದು ಸಂಗತಿಯಿದೆ. ನನ್ನ ಮಗನಿಗೆ ಈಗ ಎಂಟು ತಿಂಗಳು. ಕೇಂದ್ರ ಸರ್ಕಾರದ ನೌಕರನಾದ ನನಗೆ ಪಿತೃತ್ವ ರಜೆ 15 ದಿನ ಸಿಕ್ಕಿತು, ಖಾಸಗಿ ಕಂಪನಿಯಲ್ಲಿರುವ ನನ್ನ ತಮ್ಮನಿಗೆ ಅದೂ ಇಲ್ಲ. ರಾತ್ರಿ ಮಗುವನ್ನು ಎತ್ತಿ ತಿರುಗಿ ಬೆಳಿಗ್ಗೆ ಕಚೇರಿಗೆ ಹೋಗುವ ನನ್ನನ್ನು ನನ್ನ ಅವಿವಾಹಿತ ಗೆಳೆಯರು ಪಂದ್ಯಕ್ಕೂ, ಪ್ರವಾಸಕ್ಕೂ ಕರೆಯುವುದನ್ನೇ ನಿಲ್ಲಿಸಿದರು. "ಪಾಪ, ಅವನಿಗೆ ಮಗುವಿದೆ, ಬರುವುದಿಲ್ಲ" ಎಂದು ಅವರೇ ತೀರ್ಮಾನಿಸಿದರು. ಬರಲಾಗುವುದಿಲ್ಲ ಎಂದು ನಾನು ಹೇಳುವುದಕ್ಕೂ, ನನ್ನನ್ನು ಕೇಳದೆಯೇ ಇರುವುದಕ್ಕೂ ಬಹಳ ವ್ಯತ್ಯಾಸವಿದೆ. ದಯವಿಟ್ಟು ಕರೆಯುತ್ತಿರಿ.

ನ್ಯೂಜೆರ್ಸಿ ಕನ್ನಡಿಗ:
ಇಲ್ಲಿ ತವರೂ ಇಲ್ಲ, ಬಾಣಂತನವೂ ಇಲ್ಲ. ಅಜ್ಜಿಯರು ಸಂದರ್ಶಕರ ವೀಸಾದಲ್ಲಿ ಬಂದು ಸಾಮಾನ್ಯವಾಗಿ ಆರು ತಿಂಗಳೊಳಗೆ ಮರಳಬೇಕು. ಅವರು ವಿಮಾನ ಹತ್ತಿದ ಮರುದಿನವೇ ಮನೆ ತಲೆಕೆಳಗಾಗುತ್ತದೆ. ನನ್ನ ಗೆಳೆಯನ ಮನೆಯಲ್ಲಿ ಹಾಗಾದಾಗ ನಾನು ಪ್ರತಿ ಬುಧವಾರ ಸಂಜೆ ಹೋಗಿ ಅನ್ನ ಸಾರು ಮಾಡುತ್ತಿದ್ದೆ. ದಿನ ನಿಗದಿಯಾಗಿದ್ದರಿಂದ ಯಾರೂ ಯಾರಿಗೂ ಸಂದೇಶ ಕಳಿಸಿ ಒಪ್ಪಿಗೆ ಕೇಳುವ ಅಗತ್ಯವೇ ಬೀಳಲಿಲ್ಲ. ಹೇಮಾವತಿ ಅವರೂ ಒಂದು ದಿನವನ್ನು ಗೊತ್ತುಮಾಡಿಕೊಳ್ಳಬಹುದು.

ಅವಳಿ ಮಕ್ಕಳ ತಾಯಿ:
ದಿನ ಗೊತ್ತುಮಾಡುವುದು ಒಳ್ಳೆಯದು, ಆದರೆ ಚುಚ್ಚುಮದ್ದಿನ ವಾರವನ್ನು ನೋಡಿಕೊಳ್ಳಿ. 6, 10 ಮತ್ತು 14 ವಾರಗಳ ಚುಚ್ಚುಮದ್ದುಗಳು ನಿಮ್ಮ ಗೆಳತಿಯ ಮಗುವಿಗೆ ಮುಗಿದಿರುತ್ತವೆ, ಮುಂದೆ 9 ತಿಂಗಳಿಗೆ ದಡಾರದ್ದು ಬರುತ್ತದೆ. ಚುಚ್ಚಿಸಿದ ದಿನ ಮತ್ತು ಮರುದಿನ ಮಗುವಿಗೆ ಜ್ವರ ಬರಬಹುದು, ಆಗ ಯಾವ ಮಾತೂ ನಡೆಯುವುದಿಲ್ಲ.

ಸಂದೇಶಗಳ ಬಗ್ಗೆಯೂ ಹೇಳಬೇಕು. ಹಾಲೂಡಿಸುವಾಗ ಒಂದು ಕೈ ಮಗುವಿನ ಕತ್ತಿನ ಕೆಳಗಿರುತ್ತದೆ, ಉಳಿದ ಕೈಯಲ್ಲಿ ಉದ್ದನೆಯ ಉತ್ತರ ಬರೆಯಲಾಗುವುದಿಲ್ಲ. "ಹೇಗಿದ್ದೀಯ" ಎಂಬ ಪ್ರಶ್ನೆಗೆ ನಿಜವಾದ ಉತ್ತರ ಬರೆಯಲು ಅರ್ಧ ಗಂಟೆ ಬೇಕು, ಆದ್ದರಿಂದ ನಾನು ಆ ಸಂದೇಶಗಳನ್ನು ನಾಳೆಗೆ ಎತ್ತಿಡುತ್ತಿದ್ದೆ, ಆ ನಾಳೆ ಬರುತ್ತಲೇ ಇರಲಿಲ್ಲ. ನನ್ನ ಒಬ್ಬ ಗೆಳತಿ ಮಾತ್ರ ಧ್ವನಿ ಸಂದೇಶ ಕಳಿಸುತ್ತಿದ್ದಳು. ನನ್ನ ಮಕ್ಕಳ ಸುದ್ದಿಯನ್ನು ಕೇಳದೆ ತನ್ನ ಕಚೇರಿಯ ಜಗಳ, ತನ್ನ ಮನೆಯ ಮಾಲೀಕ ನೀರು ನಿಲ್ಲಿಸಿದ್ದು, ಇಂಥವನ್ನೇ ನಾಲ್ಕೈದು ನಿಮಿಷ ಹೇಳುತ್ತಿದ್ದಳು. ರಾತ್ರಿ ಎರಡು ಗಂಟೆಗೆ ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಹಾಲೂಡಿಸುತ್ತಾ ಅದನ್ನು ಕೇಳುವಾಗ ನಾನು ತಾಯಿ ಎಂಬುದನ್ನು ಬಿಟ್ಟು ನಾನೇ ಆಗಿರುತ್ತಿದ್ದೆ. ಆದ್ದರಿಂದ, ತಂದೆಯವರ ಶಸ್ತ್ರಚಿಕಿತ್ಸೆಯ ವಿಷಯವನ್ನು ಹೇಳದೇ ಇದ್ದದ್ದು ನನಗೆ ಸರಿ ಕಾಣಲಿಲ್ಲ. ಅವಳಿಗೆ ಬೇರೆಯವರಿಂದ ತಿಳಿದರೆ "ನನ್ನನ್ನು ಲೆಕ್ಕದಿಂದಲೇ ಬಿಟ್ಟಿದ್ದಾಳೆ" ಅಂದುಕೊಳ್ಳುತ್ತಾಳೆ.

ಕುಂದಾಪುರದ ಕಡಲು:
ನನಗೆ ಧ್ವನಿ ಸಂದೇಶ ಎಂದರೆ ಆಗುವುದಿಲ್ಲ, ಕೇಳಲು ಬಾಕಿಯಿರುವ ಐದು ನಿಮಿಷದ್ದನ್ನು ಕಂಡರೇ ಎದೆ ಭಾರವಾಗುತ್ತದೆ. ಎಲ್ಲರಿಗೂ ಒಂದೇ ಮದ್ದು ಹೊಂದುವುದಿಲ್ಲ. ಅವಳನ್ನೇ ಕೇಳುವುದು ಒಳ್ಳೆಯದು.

ಮೈಸೂರಿನ ದಾದಿ:
ಧಾರವಾಡದವರಿಗೆ ಮೊದಲು ಉತ್ತರಿಸುತ್ತೇನೆ. ನಿಮಗಾದದ್ದು ಅನ್ಯಾಯ. ಆದರೆ ಒಂದು ಪ್ರಶ್ನೆ: ಆಸ್ಪತ್ರೆ ಸೇರಿದ ದಿನ ಗುಂಪಿಗೆ ಸುದ್ದಿ ಹಾಕಿದಿರೋ, ಅಥವಾ ಒಬ್ಬ ಗೆಳೆಯನಿಗೆ ಫೋನ್ ಮಾಡಿ "ಇವತ್ತು ರಾತ್ರಿ ನನ್ನ ಜೊತೆ ನೀನು ಇರಬೇಕು" ಎಂದಿರೋ? ಗುಂಪಿಗೆ ಹಾಕಿದ ಸುದ್ದಿಗೆ ಪ್ರತಿಯೊಬ್ಬನೂ ಇನ್ನೊಬ್ಬ ಹೋಗಿರುತ್ತಾನೆ ಎಂದುಕೊಳ್ಳುತ್ತಾನೆ. ನಾನು ಮೂತ್ರಪಿಂಡದ ಕಲ್ಲಿನಿಂದ ನರಳಿದಾಗ ಹತ್ತನೇ ತರಗತಿಯ ಮಗಳಿದ್ದ ಗೆಳತಿಗೆ ನೇರವಾಗಿ ಹೇಳಿದೆ, ಅವಳು ಮಗಳ ಪುಸ್ತಕಗಳ ಸಮೇತ ನನ್ನ ಮನೆಗೆ ಬಂದು ಎರಡು ರಾತ್ರಿ ಮಲಗಿದಳು.

ಇನ್ನು ಹೇಮಾವತಿ ಅವರಿಗೆ ಹೇಳಲೇಬೇಕಾದ ಒಂದು ಮಾತಿದೆ. ಗೆಳತಿ ಉತ್ತರಿಸದಿರುವುದು ಬಹುಪಾಲು ಆಯಾಸದಿಂದಲೇ ಇರುತ್ತದೆ. ಆದರೆ ಕೆಲವೊಮ್ಮೆ ಹೆರಿಗೆಯ ನಂತರದ ಖಿನ್ನತೆಯೂ ಇರಬಹುದು. ಮೊದಲ ಎರಡು ವಾರ ಅಳು ಬರುವುದು, ಮನಸ್ಸು ಏರುಪೇರಾಗುವುದು ಬಹಳ ಜನರಿಗೆ ಆಗಿ ತಾನಾಗಿಯೇ ಇಳಿಯುತ್ತದೆ. ಅದು ಎರಡು ವಾರ ದಾಟಿಯೂ ನಿಂತರೆ, ಅಥವಾ ತಿಂಗಳುಗಳ ನಂತರ ಹೊಸದಾಗಿ ಶುರುವಾದರೆ ಗಮನಿಸಬೇಕು. ಮಗು ಮಲಗಿದಾಗಲೂ ಅವಳಿಗೆ ನಿದ್ದೆ ಬರುತ್ತಿಲ್ಲವೇ, ಮೊದಲು ಇಷ್ಟವಿದ್ದದ್ದು ಯಾವುದೂ ಈಗ ಬೇಡವಾಗಿದೆಯೇ, "ನಾನಿಲ್ಲದಿದ್ದರೇ ಮಗುವಿಗೆ ಒಳ್ಳೆಯದು" ಎಂಬಂಥ ಮಾತು ಬಾಯಲ್ಲಿ ಬರುತ್ತದೆಯೇ ಎಂದು ನೋಡಿ. ಮನೆಯವರು ಇದನ್ನು ಮೈಗಳ್ಳತನವೆಂದೋ ದೃಷ್ಟಿಯೆಂದೋ ತಳ್ಳಿಹಾಕುತ್ತಾರೆ. ಹೆರಿಗೆಗೆ ಮೊದಲು ಅವಳು ಹೇಗಿದ್ದಳು ಎಂದು ಚೆನ್ನಾಗಿ ಬಲ್ಲ, ಆದರೆ ಆ ಮನೆಯ ಸೊಸೆಯೂ ಮಗಳೂ ಅಲ್ಲದ ನಿಮ್ಮಂಥವರಿಗೇ ವ್ಯತ್ಯಾಸ ಮೊದಲು ಕಾಣುವುದು. ಅದಕ್ಕಾಗಿಯೇ ನೀವು ದೂರ ಸರಿಯಬಾರದು ಎನ್ನುತ್ತೇನೆ. ಅನುಮಾನ ಬಂದರೆ 14416 ಟೆಲಿ ಮಾನಸ್ ಸಂಖ್ಯೆಗೆ ಕನ್ನಡದಲ್ಲೇ ಮಾತಾಡಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿ ಮಗು ಇಬ್ಬರನ್ನೂ ಒಟ್ಟಿಗೆ ಇರಿಸಿಕೊಂಡು ಚಿಕಿತ್ಸೆ ಕೊಡುವ ವಿಭಾಗವೇ ಇದೆ. ಸಾಯುವ ಮಾತೇನಾದರೂ ಬಂದರೆ ಅವಳನ್ನು ಒಂಟಿಯಾಗಿ ಬಿಡದೆ ಅಂದೇ ಆಸ್ಪತ್ರೆಗೆ ಕರೆದೊಯ್ಯಬೇಕು.

ಧಾರವಾಡದವ:
ಗುಂಪಿಗೇ ಹಾಕಿದ್ದೆ ಮೇಡಂ. ಆದರೂ ಇಷ್ಟು ವರ್ಷದ ಗೆಳೆಯನಿಗೆ ಬಾಯಿಬಿಟ್ಟು ಕೇಳಬೇಕಾದ ಸ್ಥಿತಿ ಬರಬಾರದು ಎಂದೇ ನನ್ನ ವಾದ. ಅವನ ಮಗನಿಗೆ ಜ್ವರ ಬಂದಾಗ ನನ್ನನ್ನು ಯಾರೂ ಕೇಳಿರಲಿಲ್ಲ, ನಾನೇ ಹೋಗಿದ್ದೆ.

ದಾವಣಗೆರೆಯ ಅಪ್ಪ:
ನನ್ನ ಗೆಳೆಯರಲ್ಲಿ ನಿಮ್ಮಂಥವರು ಇದ್ದಿದ್ದರೆ ನಾನು ಬರುತ್ತಿದ್ದೆ ಅಣ್ಣಾ. ಆದರೆ ಎಂಟು ತಿಂಗಳ ಹಿಂದಿನ ನನಗೆ ಸೂಚನೆಗಳು ಕಾಣುತ್ತಿರಲಿಲ್ಲ, ಯಾರಾದರೂ ನೇರವಾಗಿ ಹೇಳಿದ್ದು ಮಾತ್ರ ತಲೆಗೆ ಇಳಿಯುತ್ತಿತ್ತು.

ಹೇಮಾವತಿ ದಂಡೆ:
ಎಲ್ಲರಿಗೂ ಧನ್ಯವಾದಗಳು. ಇಷ್ಟು ಓದಿದ ಮೇಲೆ ನಿನ್ನೆ ಅವಳಿಗೆ ತಂದೆಯವರ ವಿಷಯವನ್ನು ಧ್ವನಿ ಸಂದೇಶದಲ್ಲಿ ಹೇಳಿದೆ. ಬೆಳಗಿನ ಜಾವ ನಾಲ್ಕಕ್ಕೆ ಉತ್ತರ ಬಂದಿತ್ತು. ಮೊದಲು ಸಿಟ್ಟಾಗಿದ್ದಾಳೆ, ಆಮೇಲೆ ತಂದೆಯವರ ಮಾತ್ರೆಗಳ ಹೆಸರುಗಳನ್ನೆಲ್ಲ ಕೇಳಿದ್ದಾಳೆ, ಏಕೆಂದರೆ ಅವಳ ಮಾವನವರಿಗೂ ಅದೇ ಶಸ್ತ್ರಚಿಕಿತ್ಸೆಯಾಗಿತ್ತು. ಶನಿವಾರ ನೀರೆರೆದ ಮೇಲೆ, ಹನ್ನೆರಡೂವರೆಗೆ ಬಸ್ಸಾರು ಮುದ್ದೆ ತೆಗೆದುಕೊಂಡು ಹೋಗುವುದೆಂದು ಆಗಿದೆ.

ಆದರೆ ಕೆಲಸಕ್ಕೆ ಮರಳಿದ ಮೇಲೆ ಏನು ಮಾಡುವುದು ಎಂಬುದು ನನಗೆ ಇನ್ನೂ ಹೊಳೆದಿಲ್ಲ. ಆಗ ಅವಳಿಗೆ ಶನಿವಾರವೂ ಮಗುವಿಗೇ ಬೇಕಲ್ಲವೇ?

ಅವಳಿ ಮಕ್ಕಳ ತಾಯಿ:
ಬೇಕೇ ಬೇಕು. ಮರಳಿದ ಮೊದಲ ತಿಂಗಳು ಅತ್ಯಂತ ಕಠಿಣ. ಕಚೇರಿಯಲ್ಲಿ ಎದೆ ಬಿಗಿದು ಹಾಲು ಹಿಂಡಬೇಕು, ಮನೆಗೆ ಬಂದರೆ ಮಗು ಬಿಡುವುದಿಲ್ಲ. ಆ ತಿಂಗಳು ಮನೆಗೆ ಹೋಗುವ ಬದಲು ಅವಳ ಕಚೇರಿಯ ಹತ್ತಿರ ಮಧ್ಯಾಹ್ನದ ಅರ್ಧ ಗಂಟೆ ಸಿಕ್ಕಿರಿ. ಮಗುವಿಲ್ಲದೆ ನೀವಿಬ್ಬರೇ ಇರಬಹುದಾದ ಹೊತ್ತು ಅದೊಂದೇ. ಇನ್ನೊಂದು ಮಾತು: ಎಂಟು ಒಂಬತ್ತು ತಿಂಗಳಿಗೆ ಮಗು ಹೊಸಬರನ್ನು ಕಂಡರೆ ಅಳಲು ಶುರುಮಾಡುತ್ತದೆ. ನಿಮ್ಮನ್ನು ಕಂಡೂ ಅಳಬಹುದು. ಮುಖ ತಿರುಗಿಸಿಕೊಂಡು ಸ್ವಲ್ಪ ಹೊತ್ತು ಅದರ ಕಡೆ ನೋಡದೆ ಕೂತರೆ ತಾನಾಗಿಯೇ ಹತ್ತಿರ ಬರುತ್ತದೆ. ಮನಸ್ಸಿಗೆ ಹಚ್ಚಿಕೊಳ್ಳಬೇಡಿ.

ಲೆಕ್ಕದ ಮೇಷ್ಟ್ರು:
ನನ್ನದೊಂದು ಪ್ರಶ್ನೆ. ಹೇಮಾವತಿ ಅವರಿಗೆ ಶನಿವಾರದೊಳಗೆ ನೆಗಡಿಯಾದರೆ ಹೋಗಬಹುದೇ? ನಮ್ಮ ಮನೆಯಲ್ಲಿ ಇದೇ ವಿಷಯಕ್ಕೆ ಜಗಳವಾಗಿದೆ.

ಮೈಸೂರಿನ ದಾದಿ:
ಬೇಡ ಮೇಷ್ಟ್ರೇ. ದೊಡ್ಡವರ ನೆಗಡಿ ಆ ವಯಸ್ಸಿನ ಮಗುವಿಗೆ ತಗುಲಿದರೆ ಮೂಗು ಕಟ್ಟಿ ಹಾಲು ಕುಡಿಯುವುದೇ ಕಷ್ಟವಾಗುತ್ತದೆ, ಎದೆಗೂ ಇಳಿಯಬಹುದು. ನೆಗಡಿ, ಕೆಮ್ಮು ಪೂರ್ತಿ ಬಿಡುವವರೆಗೆ ಒಳಗೆ ಹೋಗದೆ, ಡಬ್ಬಿಯನ್ನು ಬಾಗಿಲಲ್ಲೇ ಕೊಟ್ಟು, ಕೆಳಗೆ ಬಂದು ನಿಂತು ಫೋನಿನಲ್ಲಿ ಮಾತಾಡಲಿ. ಆರೋಗ್ಯವಾಗಿದ್ದರೂ ಕೈ ತೊಳೆಯದೆ ಮುಟ್ಟುವುದೂ ಬೇಡ, ಮುಖಕ್ಕೆ ಮುತ್ತು ಕೊಡುವುದೂ ಬೇಡ.